ಪುಟ ವಾಕ್ಯದ ನಡುವೆ ನಿಂತಾಗ ಸಾರಾಂಶ ಎಲ್ಲಿಯವರೆಗೆ ಹೋಗಬಹುದು?

ನನ್ನ ಅಕ್ಕನ ಮಗಳು ಬೆಂಗಳೂರಿನ ವಿಜಯನಗರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಜೊತೆಯವರ ನಡುವೆ ಪುಸ್ತಕಗಳಿಗಿಂತ ಬಿಡಿ ಪುಟಗಳೇ ಹೆಚ್ಚು ಓಡಾಡುತ್ತವೆ. ಯಾರೋ ಪಿಡಿಎಫ್‌ನಿಂದ ಒಂದು ಪುಟವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸುತ್ತಾರೆ, ಇನ್ನೊಬ್ಬರು ಅದರ ಸಾರಾಂಶ ಬರೆದು ಎಲ್ಲರಿಗೂ ಹಂಚುತ್ತಾರೆ. ಪುಟ ವಾಕ್ಯದ ನಡುವೆ ನಿಂತಿರುತ್ತದೆ, ಸಾರಾಂಶ ಮಾತ್ರ ಪೂರ್ಣವಿರಾಮ ಹಾಕಿಕೊಂಡು ಮುಗಿದಿರುತ್ತದೆ. ಆ ಪೂರ್ಣವಿರಾಮ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕರಡು ತಿದ್ದುವುದು ನನ್ನ ಉದ್ಯೋಗವಾದ್ದರಿಂದ ನನಗೆ ಕೇಳದೆ ಇರಲಾಗುವುದಿಲ್ಲ.

ಅವಳಿಗೆ ಹೇಳಿಕೊಡಲೆಂದು ನಾನೇ ಒಂದು ಪುಟ ಬರೆದೆ. ಇದು ಯಾವ ಪುಸ್ತಕದ್ದೂ ಅಲ್ಲ. ಇದರಲ್ಲಿರುವ ಜಲಾಶಯಗಳೂ ಇಸವಿಗಳೂ ನಿಜ, ವಾದವನ್ನೂ ಅಧಿಕಾರಿಗಳ ಪ್ರಸಂಗವನ್ನೂ ಅಭ್ಯಾಸಕ್ಕಾಗಿ ಹೆಣೆದಿದ್ದೇನೆ. ಅಂಟಿಸಿದ ಪುಟಗಳು ಹೇಗೆ ಬರುತ್ತವೆಯೋ ಹಾಗೆಯೇ ಇಲ್ಲಿ ಕೊಡುತ್ತೇನೆ:

> ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬೆಂಗಳೂರು ಕುಡಿಯುವ ನೀರಿಗಾಗಿ ಕೆರೆ, ಬಾವಿ, ಕಲ್ಯಾಣಿಗಳನ್ನೇ ನಂಬಿತ್ತು. 1894ರಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿಗೆ ಜಲಾಶಯ ಕಟ್ಟಿದ ಮೇಲೆ ನಗರಕ್ಕೆ ಕೊಳಾಯಿ ನೀರು ಬರಲು ದಾರಿಯಾಯಿತು. ಕೊಳಾಯಿ ಬಂದದ್ದರಿಂದಲೇ ಊರೊಳಗಿನ ಕೆರೆಗಳು ಅನಗತ್ಯವಾದವು ಎಂದು ಹಲವರು ಹೇಳುತ್ತಾರೆ. ಈ ಮಾತಿಗೆ ಮೂರು ಆಕ್ಷೇಪಗಳಿವೆ. ಮೊದಲನೆಯದಾಗಿ, ಹೆಸರಘಟ್ಟವೂ ಮಳೆಯನ್ನು ನಂಬಿದ ಜಲಾಶಯವೇ. ಮಳೆ ಕೈಕೊಟ್ಟರೆ ಕೊಳಾಯಿಯೂ ಬರಿದಾಗುತ್ತಿತ್ತು.⁴ ಎರಡನೆಯದಾಗಿ, ಕೊಳಾಯಿ ಎಲ್ಲ ಬೀದಿಗಳಿಗೂ ಒಂದೇ ಸಲ ಬರಲಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾದಾಗಲೂ, ಇನ್ನು ಊರೊಳಗಿನ ಕೆರೆಗಳನ್ನು ಮುಚ್ಚಬಹುದು ಎಂಬ ಸಲಹೆಯನ್ನು ನಗರದ ಅಧಿಕಾರಿಗಳು

ಅವಳು ಬರೆದು ತಂದ ಸಾರಾಂಶ ಇದು:

> ಕೊಳಾಯಿ ಬಂದ ಮೇಲೆ ಬೆಂಗಳೂರಿನ ಕೆರೆಗಳು ಅನಗತ್ಯವಾದವು. ಇದಕ್ಕಿರುವ ಮೂರು ಕಾರಣಗಳನ್ನು ಲೇಖಕರು ಚರ್ಚಿಸುತ್ತಾರೆ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾದಾಗ ಕೆರೆಗಳನ್ನು ಮುಚ್ಚುವ ಸಲಹೆಯನ್ನು ಅಧಿಕಾರಿಗಳು ಒಪ್ಪಿದರು. ಹೀಗೆ ನಗರ ತನ್ನ ಕೆರೆಗಳನ್ನು ಕಳೆದುಕೊಂಡಿತು ಎಂದು ಲೇಖಕರು ವಿಷಾದಿಸುತ್ತಾರೆ.

ಓದಲು ಸರಾಗವಾಗಿದೆ. ಆದರೆ ಇದರ ನಾಲ್ಕು ವಾಕ್ಯಗಳಲ್ಲಿ ಒಂದೂ ನಿಲ್ಲುವುದಿಲ್ಲ. ಏಕೆ ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಪುಟ ಎಲ್ಲಿ ತುಂಡಾಗಿದೆ ಎಂದು ಹುಡುಕಿ

ಸಾರಾಂಶಕ್ಕೆ ಕೈಹಾಕುವ ಮೊದಲು ಪುಟದ ಎರಡು ತುದಿಗಳನ್ನು ನೋಡಬೇಕು. ವಾಕ್ಯ ನಡುವೆ ನಿಂತಿದ್ದಕ್ಕೆ ಕಾರಣ ಎರಡರಲ್ಲಿ ಒಂದಾಗಿರುತ್ತದೆ. ಅಚ್ಚಾದ ಪುಟವೇ ಅಲ್ಲಿಗೆ ಮುಗಿದು ವಾಕ್ಯ ಮುಂದಿನ ಪುಟಕ್ಕೆ ಹರಿದಿರಬಹುದು, ಇಲ್ಲವೆ ನಕಲು ಮಾಡಿದವರ ಬೆರಳು ಅರ್ಧಕ್ಕೇ ನಿಂತಿರಬಹುದು. ಎರಡಕ್ಕೂ ಪರಿಹಾರ ಬೇರೆ. ಮೊದಲನೆಯದಾದರೆ ಮುಂದಿನ ಪುಟ ಬೇಕು, ಎರಡನೆಯದಾದರೆ ಇದೇ ಪುಟದ ಉಳಿದ ಸಾಲುಗಳು ಬೇಕು.

ಗುರುತಿಸುವುದು ಕಷ್ಟವಲ್ಲ. ಮೇಲಿನ ಪುಟದಲ್ಲಿ ‘ಬರಿದಾಗುತ್ತಿತ್ತು’ ಎಂಬುದರ ಮೇಲೆ 4 ಎಂಬ ಸಣ್ಣ ಅಂಕಿ ಇದೆ, ಅದು ಅಡಿಟಿಪ್ಪಣಿಯ ಗುರುತು. ಆದರೆ ಕೆಳಗೆ ನಾಲ್ಕನೆಯ ಅಡಿಟಿಪ್ಪಣಿಯೇ ಇಲ್ಲ, ಪುಟಸಂಖ್ಯೆಯೂ ಇಲ್ಲ. ಅಡಿಟಿಪ್ಪಣಿಗಳನ್ನು ಅಧ್ಯಾಯದ ಕೊನೆಯಲ್ಲಿ ಕೊಡುವ ಪುಸ್ತಕ ಇದಲ್ಲವಾದರೆ, ಪುಟದ ಕೆಳಭಾಗ ನಮ್ಮ ಕೈಗೆ ಬಂದಿಲ್ಲ ಎಂದರ್ಥ. ಕಳುಹಿಸಿದವರನ್ನು ಕೇಳಿದರೆ ಅದೇ ಪುಟದಲ್ಲಿ ಇನ್ನೂ ಆರೇಳು ಸಾಲು ಸಿಕ್ಕೀತು. ಅಂಕಿಯೂ ಅದರ ಟಿಪ್ಪಣಿಯೂ ಎರಡೂ ಇದ್ದು, ಅವುಗಳ ಕೆಳಗೆ ಪುಟಸಂಖ್ಯೆ ಬಂದಿದ್ದರೆ ಪುಟ ಪೂರ್ತಿ ಬಂದಿದೆ.

ಇನ್ನೊಂದು ಸಂಗತಿ ನೆನಪಿನಲ್ಲಿರಲಿ. ಕೆಲವೊಮ್ಮೆ ವಾಕ್ಯ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ. ಎರಡು ಅಂಕಣಗಳಿರುವ ಪತ್ರಿಕೆಯ ಪುಟವನ್ನು ನಕಲು ಮಾಡಿದಾಗ ಎಡ ಅಂಕಣದ ಕೊನೆಯ ಸಾಲಿನ ಮುಂದುವರಿಕೆ ಅಡಿಟಿಪ್ಪಣಿಗಳ ಆಚೆ, ಬಲ ಅಂಕಣದ ತಲೆಯಲ್ಲಿ ಕುಳಿತಿರುತ್ತದೆ. ಆದ್ದರಿಂದ ‘ತುಂಡಾಗಿದೆ’ ಎನ್ನುವ ಮೊದಲು ಅಂಟಿಸಿದ ಪಠ್ಯವನ್ನೆಲ್ಲ ಒಮ್ಮೆ ಮೇಲಿನಿಂದ ಕೆಳಗೆ ಕಣ್ಣಾಡಿಸಿ, ತಲೆಯಿಲ್ಲದ ತುಂಡೊಂದು ಎಲ್ಲಾದರೂ ಬಿದ್ದಿದೆಯೇ ನೋಡಿ.

ಅಕ್ಷರಗಳನ್ನು ನಂಬುವ ಮುನ್ನ

ಕನ್ನಡದ ಹಳೆಯ ಪಿಡಿಎಫ್‌ಗಳದ್ದೊಂದು ಪ್ರತ್ಯೇಕ ಕಾಟವಿದೆ. ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಕಡತದಿಂದ ‘ಕನ್ನಡ’ ಎಂಬ ಪದವನ್ನು ನಕಲು ಮಾಡಿದರೆ `PÀ£ÀßqÀ` ಎಂದು ಬರುತ್ತದೆ. ಇದನ್ನು ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿಕೊಳ್ಳುತ್ತಾರೆ. ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಪಠ್ಯ ಬರುತ್ತದೆ. ಎರಡೂ ದಾರಿಗಳಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಜಾರುತ್ತವೆ. ಸಾರಾಂಶ ಬರೆಯುವವರು ಮುಖ್ಯವಾಗಿ ನೋಡಬೇಕಾದದ್ದು ‘ಇಲ್ಲ’, ‘ಅಲ್ಲ’ಗಳನ್ನು. ಒತ್ತು ಹೋಗಿ ‘ಬರಲಿಲ’ ಎಂದಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಆದರೆ ‘ಬರಲಿಲ್ಲ’ ಎಂಬುದರ ಕೊನೆ ಪೂರ್ತಿ ಉದುರಿ ‘ಬರಲಿ’ ಎಂದು ಉಳಿದರೆ ಅದೂ ಒಂದು ಸರಿಯಾದ ಪದವೇ, ಯಾರಿಗೂ ಅನುಮಾನ ಬರುವುದಿಲ್ಲ. ನಿರಾಕರಣೆ ಇರಬೇಕೆಂದು ತೋರುವ ಕಡೆ ಅಂಟಿಸಿದ ಪಠ್ಯವನ್ನು ಬಿಟ್ಟು ಪುಟದ ಚಿತ್ರವನ್ನೇ ತೆರೆದು ನೋಡಿ.

ತುಂಡು ವಾಕ್ಯವನ್ನು ಬಿಡಿಸುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡ ವಾಕ್ಯ ನಡುವೆ ತುಂಡಾದರೆ ಆಗುವ ನಷ್ಟ ದೊಡ್ಡದು. ಯಾರು, ಯಾರನ್ನು, ಎಲ್ಲಿ, ಯಾವಾಗ ಎಂಬುದೆಲ್ಲ ನಮ್ಮಲ್ಲಿ ಮೊದಲೇ ಬಂದುಬಿಡುತ್ತದೆ. ಆಯಿತೇ ಇಲ್ಲವೇ, ಒಪ್ಪಿದರೇ ಬಿಟ್ಟರೇ ಎಂಬುದು ಕಟ್ಟಕಡೆಯ ಕ್ರಿಯಾಪದಕ್ಕೆ ಕಾದಿರುತ್ತದೆ. ಹಾಗಾಗಿ ತುಂಡು ವಾಕ್ಯ ಎಷ್ಟೇ ಉದ್ದವಾಗಿದ್ದರೂ, ಹದಿನೈದು ಪದಗಳಿದ್ದರೂ, ಅದು ಇನ್ನೂ ಏನನ್ನೂ ಹೇಳಿರುವುದಿಲ್ಲ. ಮಾತಿಗೆ ಬೇಕಾದ ಸಾಮಾನನ್ನೆಲ್ಲ ಮುಂದಿಟ್ಟಿದೆ, ಮಾತನ್ನು ಆಡಿಲ್ಲ.

ನಮ್ಮ ಪುಟದ ಕೊನೆಯ ವಾಕ್ಯವನ್ನು ತೆಗೆದುಕೊಳ್ಳಿ. ‘ಕೆರೆಗಳನ್ನು ಮುಚ್ಚಬಹುದು ಎಂಬ ಸಲಹೆಯನ್ನು ನಗರದ ಅಧಿಕಾರಿಗಳು’ ಎಂದಾದ ಮೇಲೆ ಏನು ಬರಬಹುದು ಎಂದು ಕಾಗದದ ಮೇಲೆ ಬರೆಯಿರಿ. ‘ಒಪ್ಪಿದರು’ ಬರಬಹುದು, ‘ತಳ್ಳಿಹಾಕಿದರು’ ಬರಬಹುದು, ‘ಸರ್ಕಾರಕ್ಕೆ ಕಳುಹಿಸಿದರು’ ಬರಬಹುದು. ‘ಒಪ್ಪಿದ್ದರೆಂಬುದಕ್ಕೆ ದಾಖಲೆಯಿಲ್ಲ’ ಎಂದೂ ಬರಬಹುದು, ಆಗ ಅಧಿಕಾರಿಗಳು ಏನೂ ಮಾಡಿರಲಿಕ್ಕಿಲ್ಲ. ವ್ಯಾಕರಣ ಇವೆಲ್ಲಕ್ಕೂ ಜಾಗ ಬಿಟ್ಟಿದೆ. ಪರಸ್ಪರ ವಿರುದ್ಧವಾದ ಎರಡು ಮುಕ್ತಾಯಗಳು ಸರಿಹೊಂದುತ್ತವೆ ಎಂದ ಮೇಲೆ ಅವುಗಳಲ್ಲಿ ಒಂದನ್ನು ಆರಿಸಿ ಸಾರಾಂಶದಲ್ಲಿ ಬರೆಯುವ ಹಕ್ಕು ನಮಗಿಲ್ಲ. ನಾನು ಯಾವಾಗಲೂ ಮಾಡುವ ಪರೀಕ್ಷೆ ಇದೇ, ಎರಡು ನಿಮಿಷ ಸಾಕು.

ಈ ವಾಕ್ಯದಲ್ಲಿ ಒಂದು ಸುಳಿವೂ ಇದೆ. ‘ಸಿದ್ಧವಾದಾಗ’ ಎಂದಿಲ್ಲ, ‘ಸಿದ್ಧವಾದಾಗಲೂ’ ಎಂದಿದೆ. ಆ ‘ಊ’ ಕಾರ ‘ಅಷ್ಟಾದರೂ ಒಪ್ಪಲಿಲ್ಲ’ ಎಂಬ ಕಡೆಗೆ ವಾಲುತ್ತದೆ. ಕಿವಿ ಚುರುಕಾಗಿರುವ ಓದುಗರು ಇದನ್ನು ಹಿಡಿಯುತ್ತಾರೆ, ಹಿಡಿಯಬೇಕು. ಆದರೆ ಸುಳಿವನ್ನು ಸುಳಿವೆಂದೇ ಬರೆಯಬೇಕು. ನನ್ನ ಅಕ್ಕನ ಮಗಳು ಸುಳಿವಿಗೆ ವಿರುದ್ಧವಾಗಿ ‘ಒಪ್ಪಿದರು’ ಎಂದು ಬರೆದಿದ್ದಳು. ಏಕೆ ಎಂದು ಕೇಳಿದೆ.

“ಚಿಕ್ಕಮ್ಮ, ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಅಂದ ಮೇಲೆ ಒಪ್ಪಿರಲೇಬೇಕಲ್ಲವೇ?” ಎಂದಳು.

“ಕೆರೆ ಹೋದದ್ದು ನಿಜ. ಆದರೆ ಆ ಅಧಿಕಾರಿಗಳು ಆ ಹೊತ್ತಿನಲ್ಲಿ ಏನೆಂದರು ಎಂದು ಈ ಪುಟದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು” ಎಂದೆ. ಅವಳ ಬೆರಳು ‘ಅಧಿಕಾರಿಗಳು’ ಎಂಬಲ್ಲಿಗೆ ಬಂದು ನಿಂತಿತು.

ಪುಟ ಪದದ ನಡುವೆಯೇ ತುಂಡಾಗಿದ್ದರೆ ಇನ್ನೂ ಎಚ್ಚರ ಬೇಕು. ಸುತ್ತೋಲೆಯೊಂದರ ಪುಟ ‘ಅರ್ಜಿದಾರರು ಮೂಲ ದಾಖಲೆಗಳನ್ನು ಕೊಡಬ’ ಎಂದು ನಿಂತಿದೆ ಎಂದುಕೊಳ್ಳಿ. ಅದು ಕೊಡಬೇಕು ಆಗಬಹುದು, ಕೊಡಬಹುದು ಆಗಬಹುದು, ಕೊಡಬಾರದು ಆಗಬಹುದು. ಕಡ್ಡಾಯ, ಅನುಮತಿ, ನಿಷೇಧ ಮೂರೂ ‘ಬ’ ಎಂಬ ಒಂದೇ ಅಕ್ಷರದ ಆಚೆ ನಿಂತಿವೆ. ಕಾಯಿದೆಯ ಭಾಷೆಯಲ್ಲೂ ಹೀಗೆಯೇ: ‘ಸಲ್ಲಿಸತಕ್ಕದ್ದು’ ಮತ್ತು ‘ಸಲ್ಲಿಸತಕ್ಕದ್ದಲ್ಲ’ ಇವುಗಳ ವ್ಯತ್ಯಾಸ ಕೊನೆಯ ಎರಡು ಅಕ್ಷರಗಳಲ್ಲಿದೆ. ಇಂಥ ಪಠ್ಯದಲ್ಲಿ ಕೊನೆಯ ವಾಕ್ಯ ಪೂರ್ತಿಯಾಗಿದ್ದರೂ ಮುಂದಿನ ಪುಟ ‘ಪರಂತು’ ಎಂದು ಆರಂಭವಾಗಿ ವಿನಾಯಿತಿ ಕೊಡಬಹುದು. ಹಣ, ಗಡುವು, ಹಕ್ಕುಗಳ ವಿಷಯವಿರುವ ತುಂಡು ಪುಟಕ್ಕೆ ನಾನು ಸಾರಾಂಶವನ್ನೇ ಬರೆಯುವುದಿಲ್ಲ, ಉಳಿದ ಭಾಗ ತರಿಸಿ ಎನ್ನುತ್ತೇನೆ.

ಪುಟದ ತಲೆ ತುಂಡಾಗಿದ್ದರೆ ಸಮಸ್ಯೆ ತಿರುಗುಮುರುಗು. ‘…ಎಂಬುದನ್ನು ಅವರು ಒಪ್ಪಲಿಲ್ಲ’ ಎಂದು ಪುಟ ಆರಂಭವಾದರೆ ತೀರ್ಪು ಕೈಯಲ್ಲಿದೆ, ಮೊಕದ್ದಮೆ ಯಾವುದೆಂದು ಗೊತ್ತಿಲ್ಲ. ಅದನ್ನೂ ಹಾಗೆಯೇ ಹೇಳಿ ಮುಂದೆ ಹೋಗಬೇಕು.

ಪೂರ್ತಿ ವಾಕ್ಯಗಳಲ್ಲಿ ಮಾತು ಯಾರದು?

ತುಂಡು ವಾಕ್ಯ ಮಾತ್ರ ಅಪಾಯ, ಉಳಿದವು ಸುರಕ್ಷಿತ ಎಂದುಕೊಳ್ಳಬಾರದು. ಅವಳ ಸಾರಾಂಶದ ಮೊದಲ ವಾಕ್ಯ ನೋಡಿ: ‘ಕೊಳಾಯಿ ಬಂದ ಮೇಲೆ ಬೆಂಗಳೂರಿನ ಕೆರೆಗಳು ಅನಗತ್ಯವಾದವು.’ ಪುಟದಲ್ಲಿ ಈ ಪದಗಳು ಇವೆ, ಆದರೆ ಅವುಗಳ ಬಾಲಕ್ಕೆ ‘ಎಂದು ಹಲವರು ಹೇಳುತ್ತಾರೆ’ ಎಂದಿದೆ. ಮುಂದಿನ ವಾಕ್ಯವೇ ಅದಕ್ಕೆ ಆಕ್ಷೇಪ ಎತ್ತುತ್ತದೆ. ಲೇಖಕರು ಅಲ್ಲಗಳೆಯಲು ಹೊರಟ ಮಾತನ್ನೇ ಅವಳು ಲೇಖಕರ ಮಾತಾಗಿ ಬರೆದಿದ್ದಳು.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಮೊದಲು ಪೂರ್ತಿಯಾಗಿ ಮಂಡಿಸಿ ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮವಿದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುವುದು ಅಲ್ಲಿಯ ಮರ್ಯಾದೆ. ಆ ರೂಢಿ ಕನ್ನಡದ ಸಂಶೋಧನ ಬರಹಗಳಲ್ಲೂ ಉಳಿದಿದೆ. ಪುಟವೊಂದು ಪೂರ್ವಪಕ್ಷದ ನಡುವೆಯೇ ಮುಗಿದರೆ ಅಲ್ಲಿರುವ ಪ್ರತಿಯೊಂದು ವಾಕ್ಯವೂ ಪೂರ್ಣವಾಗಿರುತ್ತದೆ, ಒಂದೂ ಲೇಖಕರದಾಗಿರುವುದಿಲ್ಲ. ಆದ್ದರಿಂದ ಸಾರಾಂಶಕ್ಕೆ ಮೊದಲು ಪೆನ್ಸಿಲ್ ಹಿಡಿದು ‘ಎಂದು’, ‘ಎಂಬ’, ‘ಎನ್ನುತ್ತಾರೆ’, ‘ಅಂತೆ’ ಇರುವ ಕಡೆಯಲ್ಲೆಲ್ಲ ಅಡಿಗೆರೆ ಎಳೆಯಿರಿ. ಪ್ರತಿ ಗೆರೆಯ ಪಕ್ಕ ಮಾತಿನ ಒಡೆಯರು ಯಾರೆಂದು ಬರೆಯಿರಿ. ನಮ್ಮ ಪುಟದಲ್ಲಿ ಒಂದು ಕಡೆ ‘ಹಲವರು’ ಎಂದು ಬರುತ್ತದೆ. ಇನ್ನೊಂದು ಕಡೆ, ‘ಎಂಬ ಸಲಹೆ’ ಎಂಬಲ್ಲಿ, ಸಲಹೆ ಕೊಟ್ಟವರು ಯಾರೆಂಬುದೇ ಇಲ್ಲ. ಅಧಿಕಾರಿಗಳೇ ಕೊಟ್ಟ ಸಲಹೆಯೋ ಅವರಿಗೆ ಬಂದ ಸಲಹೆಯೋ ಕ್ರಿಯಾಪದ ಬರುವವರೆಗೆ ತಿಳಿಯದು.

ಪುಟ ಕೊಟ್ಟ ಮಾತುಗಳ ಲೆಕ್ಕ

‘ಮೂರು ಆಕ್ಷೇಪಗಳಿವೆ’ ಎಂದು ಪುಟ ಹೇಳಿದೆ. ಎಣಿಸಿದರೆ ಎರಡೇ ಸಿಗುತ್ತವೆ. ತುಂಡಾದ ವಾಕ್ಯ ಮೂರನೆಯದರ ಆರಂಭವೇ ಎಂದು ಕೇಳಬಹುದು. ‘ಮೂರನೆಯದಾಗಿ’ ಎಂಬ ಪದ ಅಲ್ಲಿಲ್ಲ, ಅದು ಎರಡನೆಯ ಆಕ್ಷೇಪದ ವಿವರಣೆಯೂ ಆಗಿರಬಹುದು. ಎರಡು ಬಂದಿವೆ, ಮೂರನೆಯದು ಈ ಭಾಗದಲ್ಲಿ ಕಾಣುವುದಿಲ್ಲ ಎಂದರೆ ಸಾಕು. ಅವಳು ‘ಮೂರು ಕಾರಣಗಳನ್ನು ಚರ್ಚಿಸುತ್ತಾರೆ’ ಎಂದು ಬರೆದಾಗ ಆಕ್ಷೇಪ ಕಾರಣವಾಗಿ ತಿರುಗಿತು, ಬಾರದೆ ಇದ್ದ ಮೂರನೆಯದು ಬಂದಂತಾಯಿತು. ‘ಮುಂದೆ ನೋಡೋಣ’, ‘ಇದಕ್ಕೆ ಎರಡು ಮುಖಗಳಿವೆ’, ‘ಒಂದು ಕಡೆ’ ಎಂಬ ಮಾತುಗಳನ್ನೂ ಹೀಗೆಯೇ ಹಿಡಿದು, ಅವುಗಳ ಬಾಕಿ ಸಂದಾಯವಾಗಿದೆಯೇ ಎಂದು ನೋಡಬೇಕು.

ಬರೆಯುವುದು

ಈಗ ಸಾರಾಂಶ. ಮೊದಲ ಸಾಲಿನಲ್ಲೇ ಅದರ ವ್ಯಾಪ್ತಿ ಇರಲಿ. ಕೊನೆಯಲ್ಲಿ ಹಾಕಿದ ಸೂಚನೆ ಮುಂದಿನವರು ನಕಲು ಮಾಡುವಾಗ ಉದುರಿಹೋಗುತ್ತದೆ. ತಲೆಬರಹಕ್ಕೆ ಪುಸ್ತಕದ ಹೆಸರನ್ನು ಮಾತ್ರ ಇಡಬೇಡಿ, ‘ಒಂದು ಪುಟದ ಭಾಗ’ ಎಂದು ಸೇರಿಸಿ. ನಾವಿಬ್ಬರೂ ಕುಳಿತು ಬರೆದದ್ದು ಹೀಗಿದೆ:

> ಇದು ಒಂದು ಪುಟದ ಭಾಗದ ಸಾರಾಂಶ. ಪಠ್ಯ ‘ನಗರದ ಅಧಿಕಾರಿಗಳು’ ಎಂಬಲ್ಲಿ, ವಾಕ್ಯದ ನಡುವೆ ನಿಂತಿದೆ. ಕೆರೆ, ಬಾವಿ, ಕಲ್ಯಾಣಿಗಳನ್ನು ನಂಬಿದ್ದ ಬೆಂಗಳೂರಿಗೆ 1894ರ ಹೆಸರಘಟ್ಟದ ಜಲಾಶಯದಿಂದ ಕೊಳಾಯಿ ನೀರಿನ ದಾರಿ ತೆರೆಯಿತು. ಕೊಳಾಯಿಯಿಂದಲೇ ಕೆರೆಗಳು ಅನಗತ್ಯವಾದವು ಎಂಬ ಹಲವರ ಮಾತಿಗೆ ಲೇಖಕರು ಮೂರು ಆಕ್ಷೇಪಗಳಿವೆ ಎನ್ನುತ್ತಾರೆ. ಇಲ್ಲಿ ಎರಡು ಸಿಗುತ್ತವೆ: ಹೆಸರಘಟ್ಟವೂ ಮಳೆಯನ್ನೇ ನಂಬಿತ್ತು, ಕೊಳಾಯಿ ಎಲ್ಲ ಬೀದಿಗಳಿಗೂ ಒಮ್ಮೆಲೇ ಬರಲಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾದ ಹೊತ್ತಿನಲ್ಲಿ ಕೆರೆಗಳನ್ನು ಮುಚ್ಚುವ ಸಲಹೆಯ ಬಗ್ಗೆ ಲೇಖಕರು ಮಾತು ತೆಗೆಯುತ್ತಾರೆ; ಅಧಿಕಾರಿಗಳು ಅದನ್ನು ಏನು ಮಾಡಿದರೆಂಬುದು ಈ ಭಾಗದಲ್ಲಿಲ್ಲ.

ಕೊನೆಯ ವಾಕ್ಯವನ್ನು ಗಮನಿಸಿ. ತುಂಡನ್ನು ಬಿಟ್ಟುಬಿಟ್ಟಿಲ್ಲ, ಬಿಟ್ಟರೆ ಪುಟ ಎರಡು ಆಕ್ಷೇಪಗಳಿಗೇ ಮುಗಿಯಿತೆಂದು ಓದುಗರು ತಿಳಿಯುತ್ತಾರೆ. ಅದನ್ನು ವಿಷಯವಾಗಿ ಹೇಳಿದ್ದೇವೆ, ತೀರ್ಮಾನವಾಗಿ ಹೇಳಿಲ್ಲ. ‘ಮಾತು ತೆಗೆಯುತ್ತಾರೆ’, ‘ಎಂಬ ವಿಷಯಕ್ಕೆ ತಿರುಗುತ್ತಾರೆ’ ಎಂಬ ಕ್ರಿಯಾಪದಗಳು ಇಂಥ ಕಡೆ ಕೈಹಿಡಿಯುತ್ತವೆ. ‘ಕೊನೆಯಲ್ಲಿ’, ‘ಒಟ್ಟಿನಲ್ಲಿ’, ‘ತೀರ್ಮಾನಿಸುತ್ತಾರೆ’, ‘ವಿಷಾದಿಸುತ್ತಾರೆ’ ಎಂಬವನ್ನು ತುಂಡು ಪುಟದ ಸಾರಾಂಶದಿಂದ ದೂರವಿಡಬೇಕು. ಪುಟದ ಕೊನೆ ಬರಹದ ಕೊನೆಯಲ್ಲ, ಅಲ್ಲಿ ಇರುವ ವಾಕ್ಯಕ್ಕೆ ತೀರ್ಮಾನದ ಸ್ಥಾನವಿಲ್ಲ. ವಿಷಾದ ನಮ್ಮ ಪುಟದಲ್ಲಿ ಒಂದು ಪದದಷ್ಟೂ ಇರಲಿಲ್ಲ, ಅದು ಅವಳದೇ, ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತ ಹುಟ್ಟಿದ್ದು.

ಧರ್ಮಾಂಬುಧಿ, ಸಂಪಂಗಿಗಳ ಕಥೆಯನ್ನು ಬರೆಯಲೇಬೇಕೆನಿಸಿದರೆ ಬರೆಯಿರಿ. ಒಂದು ಸಾಲು ಬಿಟ್ಟು, ‘ಪುಟದಲ್ಲಿಲ್ಲದ, ನನಗೆ ತಿಳಿದ ಸಂಗತಿ’ ಎಂದು ತಲೆಕಟ್ಟಿ ಬರೆಯಿರಿ. ಎರಡನ್ನೂ ಒಂದೇ ಪರಿಚ್ಛೇದದಲ್ಲಿ ಬೆರೆಸಿದರೆ ಆಮೇಲೆ ಬರೆದವರಿಗೇ ಬೇರ್ಪಡಿಸಲಾಗುವುದಿಲ್ಲ.

ಉಳಿದ ಭಾಗ ಸಿಕ್ಕಾಗ

ಹುಡುಕಲು ಪುಟಸಂಖ್ಯೆ ಬೇಕು. ಪಿಡಿಎಫ್ ತೋರಿಸುವ ಸಂಖ್ಯೆಯೂ ಪುಸ್ತಕದಲ್ಲಿ ಅಚ್ಚಾದ ಸಂಖ್ಯೆಯೂ ಸಾಮಾನ್ಯವಾಗಿ ಬೇರೆ, ಏಕೆಂದರೆ ಮುಖಪುಟ, ಮುನ್ನುಡಿ, ಪರಿವಿಡಿಗಳನ್ನು ಪಿಡಿಎಫ್ ಎಣಿಸುತ್ತದೆ. ಪರದೆಯಲ್ಲಿ 75 ಎಂದಿದ್ದು ಅಚ್ಚಿನಲ್ಲಿ 61 ಎಂದಿದ್ದರೆ ವ್ಯತ್ಯಾಸ 14. ನಡುವೆ ಸಂಖ್ಯೆಯಿಲ್ಲದ ಚಿತ್ರಪುಟಗಳು ಬಾರದಿದ್ದರೆ ಉದ್ದಕ್ಕೂ ಅದೇ ಲೆಕ್ಕ ನಡೆಯುತ್ತದೆ. ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದಂಥ ಕಡೆ ಅಚ್ಚಿನ ಪ್ರತಿ ಸಿಕ್ಕರೆ ನೋಡಬೇಕಾದದ್ದು ಅಚ್ಚಿನ ಸಂಖ್ಯೆಯನ್ನು, ಜೊತೆಗೆ ಅದೇ ಮುದ್ರಣವೇ ಎಂಬುದನ್ನು. ಮರುಮುದ್ರಣದಲ್ಲಿ ಪುಟಗಳು ಸರಿದಿರುತ್ತವೆ, ಆಗ ಸಂಖ್ಯೆಯನ್ನು ಬಿಟ್ಟು ಕೊನೆಯ ನಾಲ್ಕೈದು ಪದಗಳನ್ನು ಹಿಡಿದು ಹುಡುಕಬೇಕು.

ಸಿಕ್ಕ ಭಾಗವನ್ನು ಹಳೆಯ ಸಾರಾಂಶದ ಬಾಲಕ್ಕೆ ಅಂಟಿಸಬೇಡಿ. ಎರಡನ್ನೂ ಸೇರಿಸಿ ಮೊದಲಿನಿಂದ ಓದಿ, ಹಿಂದಿನ ವಾಕ್ಯಗಳ ಅರ್ಥ ಬದಲಾಗಿದೆಯೇ ನೋಡಿ. ಅಭ್ಯಾಸದ ಪುಟಕ್ಕೆ ನಾನು ಮುಂದಿನ ಸಾಲುಗಳನ್ನೂ ಬರೆದಿಟ್ಟುಕೊಂಡಿದ್ದೆ. ಅವು ಹೀಗಿದ್ದವು:

> ಒಪ್ಪಿದ್ದರೆಂಬುದಕ್ಕೆ ನಾನು ನೋಡಿದ ಕಡತಗಳಲ್ಲಿ ಆಧಾರವಿಲ್ಲ. ಮೂರನೆಯದಾಗಿ, ಕೆರೆಗಳು ಕುಡಿಯುವ ನೀರಿಗಷ್ಟೇ ಇದ್ದವುಗಳಲ್ಲ. ತೋಟಗಳಿಗೂ ಬಟ್ಟೆ ಒಗೆಯುವವರಿಗೂ ಅವೇ ಬೇಕಿದ್ದವು.

ಅವಳ ಮೊದಲಿನ ಸಾರಾಂಶವನ್ನು ಇದಕ್ಕೆ ಹೊಂದಿಸಲು ನಾಲ್ಕು ವಾಕ್ಯಗಳನ್ನೂ ಹೊಡೆದುಹಾಕಬೇಕಾಯಿತು. ನಾವಿಬ್ಬರೂ ಬರೆದದ್ದರಲ್ಲಿ ಅವಳು ಪೆನ್ಸಿಲ್‌ನಿಂದ ಮೂರು ಕಡೆ ಮಾತ್ರ ತಿದ್ದಿದಳು. ಮೊದಲ ಸಾಲಿನ ‘ವಾಕ್ಯದ ನಡುವೆ ನಿಂತಿದೆ’ ಎಂಬುದನ್ನು ತೆಗೆದಳು. ‘ಎರಡು ಸಿಗುತ್ತವೆ’ ಎಂಬುದನ್ನು ‘ಅವು ಇವು’ ಎಂದು ಮಾಡಿ ಮೂರನೆಯ ಆಕ್ಷೇಪವನ್ನು ಸೇರಿಸಿದಳು. ಕೊನೆಯಲ್ಲಿ ‘ಏನು ಮಾಡಿದರೆಂಬುದು ಈ ಭಾಗದಲ್ಲಿಲ್ಲ’ ಎಂಬ ಕಡೆ ‘ಒಪ್ಪಿದ್ದಕ್ಕೆ ತಾವು ನೋಡಿದ ಕಡತಗಳಲ್ಲಿ ಆಧಾರವಿಲ್ಲ ಎನ್ನುತ್ತಾರೆ’ ಎಂದು ಬರೆದಳು. ‘ತಾವು ನೋಡಿದ ಕಡತಗಳಲ್ಲಿ’ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ.